ಅವಳು 'ಹೂಂ' ಅಂದರೆ ಏನು ಮಾಡುತ್ತೀರಿ?

ಪ್ರಶ್ನೆ: ನಾಲ್ಕು ವರ್ಷದ ಆತ್ಮೀಯ ಗೆಳತಿಯ ಮೇಲೆ ಈಗ ಪ್ರೀತಿ ಹುಟ್ಟಿದೆ. ಬರುವ ಭಾನುವಾರ ನಮ್ಮ ಗುಂಪು ಬಾದಾಮಿಗೆ ಹೊರಟಿದೆ, ಅಲ್ಲೇ ಹೇಳಬೇಕು ಅಂತಿದ್ದೇನೆ. ಗೆಳೆತನದಿಂದ ಹುಟ್ಟಿದ ಪ್ರೀತಿಯೇ ಗಟ್ಟಿ ಅನ್ನುತ್ತಾರೆ. ಆದರೆ ಅವಳು ಇಲ್ಲ ಅಂದರೆ ಗೆಳೆತನವೂ ಹೋಗುತ್ತದಾ?

ಬಾದಾಮಿ ಬೇಡ. ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಅವಳನ್ನು ಒಂದು ಕಡೆ ಕರೆದು ಹೇಳಿದಿರಿ, ಅವಳು ಇಲ್ಲ ಅಂದಳು ಅಂತಿಟ್ಟುಕೊಳ್ಳಿ. ವಾಪಸ್ ಬರುವ ಬಸ್ಸು ಒಂದೇ. ಬಾಗಲಕೋಟೆ ಬರುವವರೆಗೂ ಅವಳು ಕಿಟಕಿ ನೋಡಬೇಕು, ನೀವು ಮೊಬೈಲ್ ನೋಡಬೇಕು, ಉಳಿದವರು ನಿಮ್ಮಿಬ್ಬರನ್ನು ನೋಡಬೇಕು. ಅವಳು ಬೇಡವೆನಿಸಿದ ಕ್ಷಣಕ್ಕೆ ಎದ್ದು ತನ್ನ ಮನೆಗೆ ಹೋಗಬಹುದಾದ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಇಬ್ಬರೇ ಇದ್ದಾಗ ಕೇಳಿ. ಗೆಳತಿಯರ ಕೈಲಿ ಹೇಳಿಸಬೇಡಿ, ರಾತ್ರಿ ಹನ್ನೊಂದಕ್ಕೆ ಮೆಸೇಜು ಹಾಕಬೇಡಿ.

ಇನ್ನು 'ಇಲ್ಲ' ಅನ್ನುವ ಭಯ. ನೀವು ತಪ್ಪು ಕಡೆ ಹೆದರಿಕೊಂಡು ಕೂತಿದ್ದೀರಿ. ನಾನು ಕೇಳಿದೆ, ಅವನು ಹೂಂ ಅಂದ. ನಮ್ಮ ಗೆಳೆತನ ಹೋದದ್ದು ಆ ಹೂಂ ಆದಮೇಲೆ.

ವಿದ್ಯಾಗಿರಿಯಲ್ಲಿ ಓದುವಾಗ ನಮ್ಮದು ಐದು ಜನರ ಗುಂಪು. ಅವನು ಮುಧೋಳದ ಕಡೆಯವನು, ಮನೆಯಲ್ಲಿ ನಾಲ್ಕು ಎಕರೆ ಕಬ್ಬು. ಕಿಸೆ ಸದಾ ಖಾಲಿ, ಅದಕ್ಕೇ ನಾವೆಲ್ಲ ಅವನನ್ನು 'ಸಾವ್ಕಾರ' ಅಂತ ಕರೆಯುತ್ತಿದ್ದೆವು. ಎಲ್ಲರ ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದ ನನಗೆ ಅವನಿಟ್ಟ ಹೆಸರು 'ಅಕ್ಕೋರು'. ಎರಡನೇ ವರ್ಷದಲ್ಲಿ ಅವನಿಗೆ ಬೇರೊಬ್ಬ ಹುಡುಗಿಯ ಮೇಲೆ ಮನಸ್ಸಾಯಿತು. ಆ ಪ್ರೇಮಪ್ರಕರಣದ ಪೂರಾ ಉಸ್ತುವಾರಿ ನನ್ನದೇ. ಅವಳಿಗೆ ಕಳಿಸುವ ಮೆಸೇಜು ಬರೆದುಕೊಟ್ಟೆ. ಅವಳ ಹುಟ್ಟುಹಬ್ಬಕ್ಕೆ ಗುಳೇದಗುಡ್ಡಕ್ಕೆ ಹೋಗಿ ಖಣ ತಂದೆವು, ಬಣ್ಣ ಆರಿಸಿದವಳು ನಾನು. ಆರು ತಿಂಗಳಲ್ಲಿ ಅದು ಮುರಿದಾಗ ಹಾಸ್ಟೆಲ್ ಗೇಟಿನ ಹೊರಗೆ ಅವನು ಅತ್ತಿದ್ದು ನನ್ನ ಮುಂದೆಯೇ.

ಡಿಗ್ರಿ ಮುಗಿದ ಮೇಲೆ ಅವನು ಕೆಎಎಸ್ ಕೋಚಿಂಗ್‌ಗೆ ಅಂತ ಧಾರವಾಡಕ್ಕೆ ಹೋದ. ಅವರಪ್ಪ ಕಬ್ಬಿನ ಬಿಲ್ಲು ಬರುವ ಮೊದಲೇ ಅರವತ್ತು ಸಾವಿರ ಸಾಲ ಎತ್ತಿ ಕೊಟ್ಟಿದ್ದರು. ಅವನು ಪ್ರಿಲಿಮ್ಸ್‌ನಲ್ಲೇ ಫೇಲಾದ. ಅಪ್ಪನಿಗೆ ಮಾತ್ರ 'ಪಾಸಾಗೀನಿ, ಮೇನ್ಸ್ ಬರೀತೀನಿ' ಅಂದುಬಿಟ್ಟ. ಅವರು ಊರ ಕಟ್ಟೆಯ ಮೇಲೆ ಕೂತು ಮಗ ಮೇನ್ಸ್ ಬರೆಯುತ್ತಾನೆ ಅಂತ ಎಲ್ಲರಿಗೂ ಹೇಳಿದರು. ಆಮೇಲೆ ಆ ಸುಳ್ಳನ್ನು ವಾಪಸ್ ತೆಗೆದುಕೊಳ್ಳುವ ದಾರಿ ಅವನಿಗೆ ಕಾಣಲಿಲ್ಲ. 'ಈ ಸಲ ಆಗಲಿಲ್ಲ' ಅಂದು ಮುಗಿಸಿದ್ದನೇ ಹೊರತು ಮೇನ್ಸ್‌ಗೆ ಕೂತೇ ಇರಲಿಲ್ಲ ಅಂತ ಹೇಳಲೇ ಇಲ್ಲ. ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ರಾತ್ರಿ ಫೋನಿನಲ್ಲಿ ಹೇಳಿದ, ನಾನು ಸುಮ್ಮನೆ ಕೇಳಿಸಿಕೊಂಡೆ. ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಅದಾಗಿ ವರ್ಷದ ಮೇಲೆ ನವನಗರದಲ್ಲಿ ಒಂದು ಗಾಡಿಯ ಹತ್ತಿರ ನಿಂತು ಕೇಳಿದೆ, "ಲೇ, ನನಗ ನಿನ್ನ ಮ್ಯಾಲೆ ಮನಸ್ಸಾಗೈತಿ. ನಿನಗ ಇಲ್ಲಂದ್ರ ಈಗ ಹೇಳಿಬಿಡು, ಗಿರಮಿಟ್ ಮೆತ್ತಗಾಗ್ತೈತಿ." ಅವನು ಎರಡು ಚಮಚ ತಿಂದ. "ನಾನೂ ಎಂಟು ತಿಂಗಳಿಂದ ಹೇಳಬೇಕಂತ ಮಾಡೀನಿ. ನೀ ರೆಕಾರ್ಡ್ ತಿದ್ದಿದಂಗ ನನ್ನ ಮಾತೂ ತಿದ್ದತಿ ಅಂತ ಅಂಜಿದ್ದೆ" ಅಂದ.

ಲಾಭ ಇಲ್ಲ ಅಂತ ಮಾತ್ರ ಹೇಳುವುದಿಲ್ಲ. ಬಸ್ಸಿನಲ್ಲಿ ನನಗೆ ವಾಂತಿ ಬರುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು, ಕಿಸೆಯಲ್ಲಿ ಲಿಂಬೆಹಣ್ಣು ಇರುತ್ತಿತ್ತು. ಸಂಜೆ ಕೆಲಸದಿಂದ ಬಂದ ಮೋರೆಯಲ್ಲೇ, ತಲೆ ಬಾಚದೆ ಎದುರು ಕೂರಬಹುದಿತ್ತು. ಹೊಸ ಪ್ರೇಮಿಗಳು ಒಬ್ಬರಿಗೊಬ್ಬರು ಒಳ್ಳೆಯವರಾಗಿ ಕಾಣಲು ಪಡುವ ಕಷ್ಟ ನಮಗೆ ಒಂದು ದಿನವೂ ಇರಲಿಲ್ಲ. ಆ ಮೊದಲ ಐದು ತಿಂಗಳ ನೆಮ್ಮದಿ ನನಗೆ ಮತ್ತೆ ಸಿಕ್ಕಿಲ್ಲ. ಮದುವೆಯಾಗಿದೆ, ಗಂಡ ಒಳ್ಳೆಯವನೇ, ಆ ಮಾತು ಬೇರೆ.

ಆರನೇ ತಿಂಗಳಿಗೆ ನನ್ನ ಹುಟ್ಟುಹಬ್ಬ ಬಂತು. ಅವನು ಖಣ ತಂದ. ನಾನು ನಕ್ಕು, "ಇದರ ಬಣ್ಣ ಯಾರು ಆರಿಸಿದ್ರು? ಹೋದ ಸಲ ನಾ ಇದ್ದೆ" ಅಂದೆ. ಗೆಳತಿಯಾಗಿ ಅಂದಿದ್ದರೆ ಅವನೂ ನಗುತ್ತಿದ್ದ. ಆ ದಿನ ನಗಲಿಲ್ಲ. ನನಗೂ ಅದು ನಗೆಮಾತಾಗಿರಲಿಲ್ಲ, ಒಳಗೆ ಚುಚ್ಚಿತ್ತು. ಅವನು ಪ್ರೀತಿಯಿಂದ ಏನೇ ಅಂದರೂ ಇದನ್ನು ಅವಳಿಗೂ ಅಂದಿದ್ದ ಅಂತ ನೆನಪಾಗುತ್ತಿತ್ತು. ನೆನಪಾಗದೆ ಏನು, ಅರ್ಧ ಬರೆದುಕೊಟ್ಟವಳು ನಾನೇ! ಬೇರೆ ಹುಡುಗಿಯಾಗಿದ್ದರೆ ಇದ್ಯಾವುದೂ ಗೊತ್ತಿರುತ್ತಿರಲಿಲ್ಲ, ಆರಾಮಾಗಿ ಇರುತ್ತಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ, ಏಳು ವರ್ಷದಿಂದ ಇದೊಂದನ್ನೇ ತಿರುವಿ ಹಾಕುತ್ತಿದ್ದೇನೆ.

ನನ್ನ ವಿಷಯ ಮನೆಯಲ್ಲಿ ಹೇಳುತ್ತೇನೆ ಅಂತ ಅವನು ಸಂಕ್ರಾಂತಿಗೆ ಮಾತು ಕೊಟ್ಟಿದ್ದ. ಸಂಕ್ರಾಂತಿ ಹೋಗಿ ಶಿವರಾತ್ರಿಯಾಯಿತು, ಶಿವರಾತ್ರಿ ಹೋಗಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಗೊತ್ತಲ್ಲ, ಬಣ್ಣದ ಬ್ಯಾರಲ್ ಹೇರಿಕೊಂಡು ಬಂಡಿಗಳು ಹೊರಡುತ್ತವೆ, ಹಲಗೆಯ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ನಾವು ಒಂದು ಸಂದಿಯಲ್ಲಿ ನಿಂತು ಜಗಳವಾಡುತ್ತಿದ್ದೆವು. "ಅಪ್ಪಗ ಈಗ ಹೇಳಾಕ ಬರೂದಿಲ್ಲ, ಕಬ್ಬಿನ ಬಿಲ್ಲು ಬಂದಿಲ್ಲ, ತಲಿ ಕೆಟ್ಟೈತಿ ಅವಂದು" ಅಂದ. ನಾನು ಅಂದೆ, "ಮೇನ್ಸ್ ಬರದೀನಿ ಅಂತ ಅಪ್ಪಗ ಎರಡು ವರ್ಷ ಸುಳ್ಳು ಹೇಳಿದವ, ನನಗ ಖರೇ ಹೇಳ್ತೀಯೇನು?"

ಹಲಗೆ ಅಷ್ಟೊತ್ತಿಗೇ ನಿಂತಿತ್ತು. ಗುಂಪಿನ ಒಬ್ಬ ಗೆಳೆಯ ನಾಲ್ಕು ಹೆಜ್ಜೆ ದೂರದಲ್ಲಿದ್ದ. "ಏನ್ ಸುಳ್ಳೋ?" ಅಂತ ಕೇಳಿದ. ಇವನು ಉತ್ತರ ಕೊಡಲಿಲ್ಲ, ಅಂಗಿಯ ತೋಳಿನಿಂದ ಮುಖದ ಬಣ್ಣ ಒರೆಸಿಕೊಂಡು ಹೋದ.

ತಪ್ಪು ಏನು ಅಂತ ಸರಿಯಾಗಿ ಹೇಳುತ್ತೇನೆ. ಸಿಟ್ಟಿನಲ್ಲಿ ಕೆಟ್ಟ ಮಾತಾಡಿದ್ದಲ್ಲ, ಅದಕ್ಕಿಂತ ಕೆಟ್ಟದ್ದನ್ನು ಇಬ್ಬರೂ ಆಡಿದ್ದೆವು. ಮೂರನೆಯವನು ಕೇಳಿಸಿಕೊಂಡದ್ದೂ ಅಲ್ಲ, ಅವನಿಗೆ ಪೂರ್ತಿ ತಿಳಿಯಲೇ ಇಲ್ಲ. ಅವನು ಆ ಸುಳ್ಳನ್ನು ಹೇಳಿಕೊಂಡದ್ದು ತನ್ನಿಂದ ಏನೂ ಬೇಡದಿದ್ದ ಗೆಳತಿಗೆ. ಆ ಗೆಳತಿಗೆ ಅವನ ಮೇಲೆ ಗೆಲ್ಲಬೇಕಾದ್ದು ಏನೂ ಇರಲಿಲ್ಲ, ಅದಕ್ಕೇ ಹೇಳಿದ. ಪ್ರೇಯಸಿಗೆ ಗೆಲ್ಲಬೇಕಾದ್ದಿತ್ತು. ಅವನು ಗೆಳತಿಯ ಹತ್ತಿರ ಇಟ್ಟಿದ್ದನ್ನು ನಾನು ಪ್ರೇಯಸಿಯಾಗಿ ತೆಗೆದು ಬಳಸಿದೆ. ಕ್ಷಮೆ ಕೇಳಿದೆ, ಅವತ್ತು ರಾತ್ರಿಯೇ. "ಬಿಡು, ಏನಾಗಿಲ್ಲ" ಅಂದ, ನಿಜವಾಗಿಯೂ ಕ್ಷಮಿಸಿದ. ಆದರೆ ಹೇಳಿಕೊಳ್ಳಲು ಅವನಿಗಿದ್ದ ಒಂದೇ ಜಾಗ ಹೋಗಿತ್ತು, ಕ್ಷಮೆಯಿಂದ ಅದು ವಾಪಸ್ ಬರುವಂಥದ್ದಲ್ಲ.

ಅದು ಹೋಗಿದೆ ಅಂತ ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಮೊದಲು ಒಂಬತ್ತು ನಿಮಿಷದ ವಾಯ್ಸ್ ಮೆಸೇಜು ಕಳಿಸುತ್ತಿದ್ದ, ಮೆಸ್ಸಿನ ಸಾರಿನಿಂದ ಹಿಡಿದು ಅಪ್ಪನ ಮೊಣಕಾಲು ನೋವಿನವರೆಗೆ. ಈಗ 'ಆರಾಮ', 'ಊಟ ಆತು', 'ಏನಿಲ್ಲ ಬಿಡು'. ಜಗಳ ನಿಂತೇಹೋಯಿತು. ನಾನು ಪೆದ್ದಿ, ಸಂಬಂಧ ಸುಧಾರಿಸಿತು ಅಂತ ಖುಷಿಪಟ್ಟೆ. ಅವನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕದ್ದು ಎರಡು ವಾರ ಕಳೆದ ಮೇಲೆ ನನಗೆ ಗೊತ್ತಾಯಿತು, ಅದೂ ಬೇರೆಯವರಿಂದ. ಆಗ ಎದೆ ಧಸಕ್ ಅಂತು. ನನಗಾದ ಸಂಕಟವನ್ನು ಯಾರಿಗೆ ಹೇಳಲಿ? ಅಂಥದ್ದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಅವನಿಗೇ. ಗುಂಪಿನ ಇನ್ನೊಬ್ಬಳಿಗೆ ಹೇಳಿದೆ. ಅವಳು ನನ್ನ ಕಡೆಯಾದಳು, ಉಳಿದಿಬ್ಬರು ಅವನ ಕಡೆಯಾದರು. ಹದಿನಾಲ್ಕನೇ ತಿಂಗಳಿಗೆ ಎಲ್ಲ ಮುಗಿಯಿತು.

'ಇಲ್ಲ' ಅಂದರೆ ಗೆಳೆತನ ಹೋಗುತ್ತದಾ ಅಂದಿರಲ್ಲ, ಅದಕ್ಕೂ ನಮ್ಮ ಗುಂಪಲ್ಲೇ ಉದಾಹರಣೆಯಿದೆ. ಆ ಹಲಗೆಯ ಗೆಳೆಯ ಗುಂಪಿನ ಇನ್ನೊಬ್ಬಳನ್ನು ಮೂರನೇ ವರ್ಷದಲ್ಲೇ ಕೇಳಿದ್ದ. ಅವಳು ನೇರವಾಗಿ ಒಲ್ಲೆ ಅಂದಳು. ಅವನು ತಿಂಗಳೊಪ್ಪತ್ತು ಕಮ್ಮಿ ಮಾತಾಡಿದ, ಆಮೇಲೆ ಮೊದಲಿನಂತಾದ. ಎರಡನೇ ಸಲ ಕೇಳಲಿಲ್ಲ, ಯಾಕೆ ಒಲ್ಲೆ ಅಂತಲೂ ಕೇಳಲಿಲ್ಲ. ಹೋದ ವರ್ಷ ಅವಳ ಮಗನ ಜವಳಕ್ಕೆ ಬಂದು ಬುಂದಿ ಬಡಿಸಿದ. ಗೆಳೆತನ ಕೆಡಿಸುವುದು ಎರಡನೇ ಸಲ ಕೇಳುವುದು.

ಗೆಳೆತನದ ಪ್ರೀತಿ ಗಟ್ಟಿ ಅನ್ನುವುದನ್ನು ನಾನೂ ಓದಿದ್ದೇನೆ. ಕೆನಡಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 1,900 ಜನರ ಪೈಕಿ ಮೂರರಲ್ಲಿ ಎರಡು ಪಾಲು ಜನ ತಮ್ಮ ಪ್ರೀತಿ ಗೆಳೆತನದಿಂದಲೇ ಶುರುವಾಯಿತು ಅಂದಿದ್ದರು. ಕಾಲೇಜು ಹುಡುಗರಲ್ಲಿ ಆ ಗೆಳೆತನ ಸರಾಸರಿ 22 ತಿಂಗಳು ನಡೆದಿತ್ತು. ಸರಿ. ಆದರೆ ಅದರಲ್ಲಿ ಎಣಿಸಿದ್ದು ಪ್ರೀತಿ ಹೇಗೆ ಶುರುವಾಯಿತು ಅನ್ನುವುದನ್ನು. ಹೀಗೆ ಶುರುವಾಗುವುದು ಸಾಮಾನ್ಯ ಅಂತ ಅದರಿಂದ ತಿಳಿಯುತ್ತದೆ, ಗಟ್ಟಿ ಅಂತ ತಿಳಿಯುವುದಿಲ್ಲ.

ಹಾಗಾಗಿ ಕೇಳುವ ಮೊದಲು ಒಂದು ಕೆಲಸ ಮಾಡಿ. ಈ ನಾಲ್ಕು ವರ್ಷದಲ್ಲಿ ಅವಳು ನಿಮಗೊಬ್ಬರಿಗೇ ಹೇಳಿದ್ದನ್ನೆಲ್ಲ ನೆನಪಿಸಿಕೊಳ್ಳಿ. ಮನೆಯ ವಿಷಯ, ಹಿಂದಿನ ಹುಡುಗನ ವಿಷಯ, ನಾಚಿಕೊಂಡು ಹೇಳಿದ್ದು. ಅದರಲ್ಲಿ ಯಾವುದಾದರೂ ಈಗ ನೆನೆದರೆ ಹೊಟ್ಟೆ ಉರಿಯುತ್ತದಾ? ಉರಿದರೆ ಜಗಳದಲ್ಲಿ ನಿಮ್ಮ ಬಾಯಿಂದ ಬರುವುದು ಅದೇ. ಹಾಗಿದ್ದರೆ ಭಾನುವಾರ ಬಾದಾಮಿ ನೋಡಿಕೊಂಡು ಸುಮ್ಮನೆ ಬನ್ನಿ. ಉರಿಯದಿದ್ದರೆ ಕೇಳಿ. ಅವಳು ಹೂಂ ಅಂದ ಮೊದಲ ವಾರದಲ್ಲೇ 'ಗೆಳೆಯನಾಗಿ ಕೇಳಿದ್ದನ್ನು ಜಗಳಕ್ಕೆ ತರೋದಿಲ್ಲ' ಅಂತ ಬಾಯಿಬಿಟ್ಟು ಹೇಳಿ. ನಾವು ಹೇಳಿಕೊಳ್ಳಲಿಲ್ಲ, ಇಷ್ಟು ವರ್ಷದ ಪರಿಚಯ, ಅದನ್ನೇನು ಹೇಳುವುದು ಅಂದುಕೊಂಡೆವು. ಗುಂಪಿನ ಹೊರಗಿನ ಒಬ್ಬರನ್ನು ನಿಮ್ಮ ಗೋಳು ಕೇಳಲು ಈಗಲೇ ಹುಡುಕಿಟ್ಟುಕೊಳ್ಳಿ.

ಹೋದ ಮಳೆಗಾಲದಲ್ಲಿ ಅವನ ಅಪ್ಪ ತೀರಿಕೊಂಡರು. ಸುದ್ದಿ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಮೊದಲಾಗಿದ್ದರೆ ಮೊದಲ ಫೋನು ನನಗೇ ಬರುತ್ತಿತ್ತು. ಮೂರನೇ ದಿನ ಅವರ ಊರಿಗೆ ಹೋದೆ. ಪಡಸಾಲೆಯಲ್ಲಿ ಜನ ಕಡಿಮೆಯಾದಾಗ ಪಕ್ಕ ಬಂದು ಕೂತ. "ಕಡೀಗೂ ಅಪ್ಪಗ ಹೇಳಲೇ ಇಲ್ಲ ನೋಡ್ರಿ ಅಕ್ಕೋರ" ಅಂದ. ನನಗೆ ಅವನು ಎಂದೂ 'ರಿ' ಹಚ್ಚಿ ಮಾತಾಡಿದವನಲ್ಲ. ಏನು ಹೇಳಬೇಕೋ ತಿಳಿಯದೆ "ಗೊತ್ತೈತಿ" ಅಂದೆ. ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು. ಅವನು ಬಸ್ಸು ಎಷ್ಟಕ್ಕೈತಿ ಅಂತ ಕೇಳಿದ.