ಝೀರೋ ಕೂಪನ್ ಬಾಂಡ್ ಬೆಲೆ ಇಳಿದರೆ ಮೋಸ ಹೋದಂತಲ್ಲ

ಪ್ರಶ್ನೆ: ಒಂದು ಲಕ್ಷ ಮುಖಬೆಲೆಯ, ಹತ್ತು ವರ್ಷದ ಸರ್ಕಾರಿ ಝೀರೋ ಕೂಪನ್ ಬಾಂಡನ್ನು ಹೋದ ವರ್ಷ 50,835 ರೂಪಾಯಿಗೆ ತಗೊಂಡೆ. ಹತ್ತು ವರ್ಷಕ್ಕೆ 49,165 ಲಾಭ ಅಂದ್ರೆ ವರ್ಷಕ್ಕೆ 4,916 ಏರಬೇಕಲ್ವಾ? ಈಗ ಸ್ಟೇಟ್‌ಮೆಂಟಲ್ಲಿ 50,025 ತೋರಿಸ್ತಿದೆ. ಬೆಲೆ ಮೇಲಕ್ಕೇ ಹೋಗುತ್ತೆ, ಕೆಳಗೆ ಬರೋದೇ ಇಲ್ಲ ಅಂತ ಏಜೆಂಟ್ ಹೇಳಿದ್ದ. ಮಾರಿಬಿಡಲಾ? (ಮಂಡಿಪೇಟೆ, ದಾವಣಗೆರೆ)

ಉತ್ತರ: ಹಣದ ತುರ್ತು ಇಲ್ಲದಿದ್ದರೆ ಗಾಬರಿಬಿದ್ದು ಮಾರಬೇಡಿ. ಇದೇ ಪ್ರಶ್ನೆ ತಿಂಗಳು ತಿಂಗಳು ಬರುತ್ತಿದೆ. ತಪ್ಪು ಎರಡು ಕಡೆ ಇದೆ. ನಿಮ್ಮ ಭಾಗಾಕಾರ ತಪ್ಪು, ನಿಮ್ಮ ಏಜೆಂಟ್ ಹೇಳಿದ್ದು ಇನ್ನೂ ದೊಡ್ಡ ತಪ್ಪು.

ಮಂಡಿಪೇಟೆಯವರಿಗೆ ಬುಡದಿಂದ ಹೇಳಬೇಕಿಲ್ಲ. ಮೂರು ತಿಂಗಳ ನಂತರ ಕೈಗೆ ಬರುವ ಒಂದು ಲಕ್ಷದ ಹುಂಡಿಗೆ ಇವತ್ತು ಯಾರೂ ಪೂರ್ತಿ ಲಕ್ಷ ಕೊಡುವುದಿಲ್ಲ, ಬಡ್ಡಿ ಮುರಿದುಕೊಂಡೇ ಕೊಡುತ್ತಾರೆ. ನಿಮ್ಮ ಬಾಂಡಿನಲ್ಲೂ ನಡುವೆ ಬಡ್ಡಿ ಕೊಡುವುದಿಲ್ಲ, ಹತ್ತು ವರ್ಷದ ಬಡ್ಡಿಯನ್ನು ಮೊದಲೇ ಮುರಿದಿದ್ದಾರೆ, ಕೊನೆಗೆ ಸಿಗುವುದು ಮುಖಬೆಲೆ. ಒಂದು ಲಕ್ಷವನ್ನು 1.07ರಿಂದ ಹತ್ತು ಸಲ ಭಾಗಿಸಿದರೆ 50,835 ಬರುತ್ತದೆ. ಅಂದರೆ ನೀವು ಕೊಂಡದ್ದು 7% ಇಳುವರಿಗೆ.

ಒಂದು ವರ್ಷ ಕಳೆದರೆ ಮುರಿಯಬೇಕಾದ ಬಡ್ಡಿ ಒಂಬತ್ತೇ ವರ್ಷದ್ದು. ಆದ್ದರಿಂದ ಭಾಗಿಸುವುದೂ ಒಂಬತ್ತೇ ಸಲ, ಬೆಲೆ 54,393. ಬೆಲೆ ಮುಖಬೆಲೆಯ ಕಡೆಗೆ ತೆವಳುವುದಕ್ಕೆ ಕಾರಣ ಇಷ್ಟೇ. ಯಾರೂ ಬಾಂಡಿಗೆ ಏನನ್ನೂ ಸೇರಿಸುತ್ತಿಲ್ಲ, ಕಾಯಬೇಕಾದ ಕಾಲ ಕಡಿಮೆಯಾಗುತ್ತಿದೆ.

ಈ ಏರಿಕೆ ಪ್ರತಿ ವರ್ಷ ಒಂದೇ ಸಮ ಇರುವುದಿಲ್ಲ. ಇದು ಚಕ್ರಬಡ್ಡಿ. ದರ ಕದಲದೆ 7ರಲ್ಲೇ ನಿಂತರೂ ಮೊದಲ ವರ್ಷ ಏರುವುದು 3,558 ರೂಪಾಯಿ, ಐದು ವರ್ಷ ಮುಗಿದಾಗ ಬೆಲೆ 71,299, ಕೊನೆಯ ಒಂದೇ ವರ್ಷದಲ್ಲಿ ಏರುವುದು 6,542. ನಿಮ್ಮ ಸಮಪಾಲಿನ ಲೆಕ್ಕದಲ್ಲಿ ಐದನೇ ವರ್ಷಕ್ಕೆ 75,417 ಇರಬೇಕು. ಆ ನಿರೀಕ್ಷೆ ಇಟ್ಟುಕೊಂಡು ಕೂತವರಿಗೆ ನಡುವಿನ ಪ್ರತಿ ವರ್ಷವೂ ಬಾಂಡ್ ಹಿಂದೆ ಬಿದ್ದ ಹಾಗೆಯೇ ಕಾಣುತ್ತದೆ.

ಈಗ 50,025ರ ವಿಷಯ. ಏಜೆಂಟನ್ನು ಕೇಳುವ ಬದಲು ಎಕ್ಸೆಲ್‌ನಲ್ಲಿ ಮೊದಲ ಸಾಲನ್ನು ಹಾಕಿ ನೋಡಿ:

```
=(100000/50025)^(1/9)-1
=100000/(1+0.07)^9
```

ಉತ್ತರ 0.08, ಅಂದರೆ 8%. ಉಳಿದ ಒಂಬತ್ತು ವರ್ಷಕ್ಕೆ ಮಾರುಕಟ್ಟೆ ಈಗ 8% ಕೇಳುತ್ತಿದೆ. ನೀವು ಕೊಂಡಾಗ 7 ಇತ್ತು. ಎರಡನೇ ಸಾಲು, ದರ ಬದಲಾಗದಿದ್ದರೆ ಇರಬೇಕಿದ್ದ 54,393 ಅನ್ನು ಕೊಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡೆದದ್ದು ಬಿಡಿಸಿಕೊಳ್ಳುತ್ತದೆ: ಕಾಲ ನಿಮಗೆ 3,558 ಕೊಟ್ಟಿತು, ದರದ ಏರಿಕೆ 4,368 ಕಿತ್ತುಕೊಂಡಿತು, ನಿವ್ವಳ 810 ಇಳಿಕೆ. ತೆವಳುವುದು ನಿಂತಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಿತ್ತು, ಅಷ್ಟೆ.

ಮಾರಿ ಬೇರೆ ಕಡೆ ಹಾಕಿದರೆ? ಅದೇ 50,025ನ್ನು 8%ರ ಇನ್ನೊಂದು ಒಂಬತ್ತು ವರ್ಷದ ಸರ್ಕಾರಿ ಬಾಂಡಿಗೆ ಹಾಕಿದರೆ ಕೊನೆಗೆ ಸಿಗುವುದೂ ಒಂದು ಲಕ್ಷವೇ. ಎರಡು ಕಡೆಯ ಖರ್ಚು ಮಾತ್ರ ನಿಮ್ಮ ತಲೆಗೆ. ಇಟ್ಟುಕೊಂಡರೆ ಮುಂದಿನ ವರ್ಷ, ದರ 8ರಲ್ಲೇ ನಿಂತರೆ, ಏರಿಕೆ 4,002. ನಿಮ್ಮ ಮೂಲ 50,835ಕ್ಕೆ ಹತ್ತು ವರ್ಷದ ಸರಾಸರಿ 7% ಆಗಿಯೇ ಉಳಿಯುತ್ತದೆ. ಅದನ್ನು ಯಾವ ದರವೂ ಅಲುಗಿಸಲಾರದು, ಕೊನೆಯವರೆಗೆ ಇಟ್ಟುಕೊಂಡಿದ್ದರೆ ಮಾತ್ರ.

ಈ ಪೆಟ್ಟಿನ ಜೋರು ವರ್ಷ ಕಳೆದಂತೆ ತಗ್ಗುತ್ತದೆ. ಒಂಬತ್ತು ವರ್ಷ ಬಾಕಿ ಇರುವಾಗ ದರ 7ರಿಂದ 8ಕ್ಕೆ ಹೋದರೆ ಬೆಲೆ ಶೇ 8ರಷ್ಟು ಬೀಳುತ್ತದೆ. ಒಂದೇ ವರ್ಷ ಬಾಕಿ ಇರುವಾಗ ಅದೇ ಏರಿಕೆಗೆ 93,458 ಇದ್ದದ್ದು 92,593 ಆಗುತ್ತದೆ, ಶೇ 1ಕ್ಕೂ ಕಡಿಮೆ. ಹಾಗಾಗಿ ಮಗಳ ಮದುವೆಗೆ ಮೂರು ವರ್ಷಕ್ಕೆ ಹಣ ಬೇಕಾದವರು ಹತ್ತು ವರ್ಷದ ಝೀರೋ ಕೂಪನ್ ಕೊಳ್ಳಬಾರದು. ಮೂರು ವರ್ಷದ್ದನ್ನೇ ಕೊಳ್ಳಬೇಕು. ಈ ಮಾತನ್ನು ಕೊಳ್ಳುವ ಮುಂಚೆ ಕೇಳಿಸಿಕೊಳ್ಳುವವರು ಕಡಿಮೆ.

ಇನ್ನೆರಡು ಎಚ್ಚರಿಕೆ. ಸರ್ಕಾರಿ ಬಾಂಡ್ ಮಾರುಕಟ್ಟೆಯಲ್ಲಿ ಇಳುವರಿಯನ್ನು ಆರು ತಿಂಗಳಿಗೊಮ್ಮೆ ಬಡ್ಡಿ ಕೂಡುವ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆ ಲೆಕ್ಕದ 7% ಆದರೆ 1.035ರಿಂದ ಇಪ್ಪತ್ತು ಸಲ ಭಾಗಿಸಬೇಕು, ಹತ್ತು ವರ್ಷದ ಬಾಂಡಿಗೆ 50,257 ಬರುತ್ತದೆ. ನಿಮ್ಮ ಲೆಕ್ಕ ನೂರಾರು ರೂಪಾಯಿ ಕೂಡಿಬರದಿದ್ದರೆ ಯಾರನ್ನೂ ಬೈಯುವ ಮುಂಚೆ ಇದನ್ನು ನೋಡಿ. ಎರಡನೆಯದು, ಸ್ಟೇಟ್‌ಮೆಂಟಿನ ಬೆಲೆ ಲೆಕ್ಕ ಹಾಕಿ ಬರೆದದ್ದು. ಈ ಬಾಂಡುಗಳ ವಹಿವಾಟು ತೆಳು, ನಿಜವಾಗಿ ಮಾರಲು ಹೋದಾಗ ಅದಕ್ಕಿಂತ ಕಡಿಮೆಗೆ ಕೇಳುತ್ತಾರೆ.

ಪ್ರಶ್ನೆ: ಒಂದು ಲಕ್ಷದ್ದು ಅರ್ಧ ಬೆಲೆಗೆ ಸಿಗ್ತಿದೆ ಅಂದ್ರೆ ಅಗ್ಗ ಅಲ್ವಾ? (ಚಳ್ಳಕೆರೆ)

ಉತ್ತರ: ಅಲ್ಲ. ಹತ್ತು ವರ್ಷ ಕಾಯುವುದಕ್ಕೆ ಸಿಕ್ಕ ರಿಯಾಯಿತಿ ಅದು, ಅಂಗಡಿಯ ಆಷಾಢ ಸೇಲ್ ಅಲ್ಲ.

ಪ್ರಶ್ನೆ: ಒಂದು ಖಾಸಗಿ ಕಂಪನಿ ಬಾಂಡ್, ಏಳು ವರ್ಷಕ್ಕೆ ಹಣ ಡಬಲ್, ನಡುವೆ ಬಡ್ಡಿ ಇಲ್ಲ. ಖಾತ್ರಿ ಅಂತಿದ್ದಾರೆ. (ಹಿರಿಯೂರು)

ಉತ್ತರ: ಏಳು ವರ್ಷಕ್ಕೆ ಎರಡರಷ್ಟು ಅಂದರೆ ವರ್ಷಕ್ಕೆ 10.4%. ಅಷ್ಟೇ ಅವಧಿಯ ಸರ್ಕಾರಿ ಬಾಂಡಿನ ದರವನ್ನು ಅದರಿಂದ ಕಳೆಯಿರಿ, ಉಳಿದದ್ದು ನಿಮ್ಮ ಅಪಾಯಕ್ಕೆ ಕೊಡುವ ಕೂಲಿ. "ಖಾತ್ರಿ" ಎನ್ನುವವರಿಗೆ ಈ ಕಳೆಯುವ ಲೆಕ್ಕ ಹೇಳಿ, ಮುಖ ನೋಡಿ. ಬಡ್ಡಿ ಕೊಡುವ ಬಾಂಡಿನಲ್ಲಿ ಕಂಪನಿ ಸೋತರೆ ಒಂದು ಕಂತು ತಪ್ಪಿದಾಗಲೇ ಗೊತ್ತಾಗುತ್ತದೆ. ಇದರಲ್ಲಿ ತಪ್ಪುವುದಕ್ಕೆ ಕಂತೇ ಇಲ್ಲ, ಪೂರ್ತಿ ಹಣ ಕೊನೆಯ ದಿನದ ಮೇಲೆ ನಿಂತಿದೆ. ನಾನಾದರೆ ಮುಟ್ಟುವುದಿಲ್ಲ.

ಪ್ರಶ್ನೆ: ದರ ಇಳಿದು ನಮಗೆ ಲಾಭ ಆಗ್ತಿದ್ದಾಗ ಕೊಟ್ಟವರೇ ಮಧ್ಯದಲ್ಲಿ ತೀರಿಸಿಬಿಡಬಹುದಾ? (ಚಿತ್ರದುರ್ಗ)

ಉತ್ತರ: ಈ ಸಲದ ಒಳ್ಳೆಯ ಪ್ರಶ್ನೆ ಇದು. ಆಗಿದೆ. ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ 1993ರಲ್ಲಿ 3,600 ರೂಪಾಯಿಗೆ ಬಾಂಡ್ ಕೊಟ್ಟಿತ್ತು, 20 ವರ್ಷಕ್ಕೆ 1,11,000. ವರ್ಷಕ್ಕೆ ಸುಮಾರು 18.7%. ದೇಶದಲ್ಲಿ ದರ ಬಿದ್ದ ಮೇಲೆ, 2008ರಲ್ಲಿ ಗುಜರಾತ್ ಕಾನೂನು ಮಾಡಿ, ಅವಧಿಗೆ ಐದು ವರ್ಷ ಮುಂಚೆಯೇ 50,000 ಕೊಟ್ಟು ತೀರಿಸಲು ನಿಗಮಕ್ಕೆ ಅಧಿಕಾರ ಕೊಟ್ಟಿತು. 18.7%ರ ಲೆಕ್ಕದಲ್ಲಿ ಹದಿನೈದು ವರ್ಷಕ್ಕೆ ಆಗುವುದು ಸುಮಾರು 47,000, ಆದ್ದರಿಂದ ಕಾಗದದ ಮೇಲೆ ಅನ್ಯಾಯ ಕಾಣುವುದಿಲ್ಲ. ಆದರೆ ಉಳಿದ ಐದು ವರ್ಷಕ್ಕೆ 8% ಹಿಡಿದರೆ ಆ 1,11,000ದ ಬೆಲೆ 75,500. ಕೈತಪ್ಪಿದ್ದು ಆ ವ್ಯತ್ಯಾಸ. ಕೊಳ್ಳುವಾಗ ಆಫರ್ ಪತ್ರದಲ್ಲಿ ಅವಧಿಗೆ ಮುಂಚೆಯೇ ತೀರಿಸುವ ಹಕ್ಕು, ಅಂದರೆ "ಕಾಲ್ ಆಪ್ಷನ್" ಇದೆಯಾ, ಯಾವ ವರ್ಷಕ್ಕೆ, ಎಷ್ಟು ಮೊತ್ತಕ್ಕೆ ಎಂದು ಓದಿ. ಇದ್ದರೆ ದರ ಇಳಿದಾಗಿನ ಲಾಭ ಆ ಮೊತ್ತಕ್ಕೇ ನಿಲ್ಲುತ್ತದೆ, ದರ ಏರಿದಾಗಿನ ನಷ್ಟ ಮಾತ್ರ ಪೂರ್ತಿ ನಿಮ್ಮದು.

ಪ್ರಶ್ನೆ: ತೆರಿಗೆ ಎಷ್ಟು? (ಹರಿಹರ)

ಉತ್ತರ: ಸರ್ಕಾರ ಅಧಿಸೂಚನೆ ಹೊರಡಿಸಿದ ಝೀರೋ ಕೂಪನ್ ಬಾಂಡಿಗೆ ಒಂದು ನಿಯಮ, ಉಳಿದವಕ್ಕೆ ಬೇರೆ. ನಿಮ್ಮದು ಯಾವುದು ಎಂದು ಬರೆದಿಲ್ಲ, ಕಾಗದ ಹಿಡಿದು ಆಡಿಟರ್ ಹತ್ತಿರ ಹೋಗಿ.