19 ಗಂಟೆ ಕಾಯುವ ಅಗ್ಗದ ಟಿಕೆಟ್ಟೋ, 70 ನಿಮಿಷದ ದುಬಾರಿ ಟಿಕೆಟ್ಟೋ?

ಪ್ರಶ್ನೆ: ದೂರದ ವಿಮಾನ ಪ್ರಯಾಣಕ್ಕೆ ಎರಡು ಟಿಕೆಟ್ ನೋಡಿದ್ದೇನೆ. ಒಂದರಲ್ಲಿ ನಡುವೆ 19 ಗಂಟೆ ಕಾಯಬೇಕು. ಇನ್ನೊಂದರಲ್ಲಿ 70 ನಿಮಿಷ ಸಾಕು, ಆದರೆ ದರ ಐದನೇ ಒಂದು ಭಾಗ ಹೆಚ್ಚು. ಮುಂದಿನ ವಿಮಾನ ತಪ್ಪೀತೆಂಬ ಭಯವಿದೆ. ಯಾವುದನ್ನು ಕೊಳ್ಳಲಿ?

ಉತ್ತರ: ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿವೆಯೇ ಎಂಬುದನ್ನು ನೀವು ಬರೆದಿಲ್ಲ, ನನಗೆ ಬರುವ ಪತ್ರಗಳಲ್ಲಿ ಬಿಟ್ಟುಹೋಗುವುದು ಯಾವಾಗಲೂ ಈ ಒಂದು ಮಾತೇ. ಬೇರೆ ಬೇರೆಯಾಗಿ ಕೊಂಡ ಟಿಕೆಟ್‌ಗಳಾದರೆ 70 ನಿಮಿಷದ ಯೋಚನೆಯನ್ನೇ ಬಿಡಿ. ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆಗೆ ಅದರ ಹೊಣೆಯಿಲ್ಲ, ಹೊಸ ಟಿಕೆಟ್ ನಿಮ್ಮ ಖರ್ಚು. ಒಂದೇ ಪಿಎನ್‌ಆರ್ ಎಂದಿಟ್ಟುಕೊಂಡು ಉತ್ತರಿಸುತ್ತೇನೆ.

ವೇಳಾಪಟ್ಟಿಯ ಆಗಮನದ ಸಮಯವೆಂದರೆ ವಿಮಾನ ತನ್ನ ನಿಲುಗಡೆಗೆ ಬಂದು ನಿಲ್ಲುವ ಸಮಯವೇ ಹೊರತು ನೀವು ಬಾಗಿಲು ದಾಟುವ ಸಮಯವಲ್ಲ. ಹಿಂದಿನ ಸಾಲಿನಿಂದ ಇಳಿಯಲು ಸುಮಾರು 15 ನಿಮಿಷ ಬೇಕು. ಮುಂದಿನ ವಿಮಾನದ ಗೇಟು ಹೊರಡುವುದಕ್ಕೆ 15ರಿಂದ 20 ನಿಮಿಷ ಮೊದಲೇ ಮುಚ್ಚುತ್ತದೆ. ಉಳಿಯುವ 35–40 ನಿಮಿಷದಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ, ಉದ್ದನೆಯ ನಡಿಗೆ, ಕೆಲವೆಡೆ ಟರ್ಮಿನಲ್ ಬದಲಾವಣೆ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಆಟ ಮುಗಿಯಿತು. ನೀವು ಓಡಿ ಹತ್ತಿದರೂ ನಿಮ್ಮ ಲಗೇಜು ಹಿಂದೆ ಉಳಿಯಬಹುದು, ಆದ್ದರಿಂದ ಔಷಧ ಕೈಚೀಲದಲ್ಲಿರಲಿ.

ವಿಮಾನ ತಪ್ಪಿದರೆ ಮುಂದಿನದರಲ್ಲಿ ಕೂರಿಸುವುದು ಸಂಸ್ಥೆಯ ಕೆಲಸ. ಆದರೆ ಆ ಮುಂದಿನ ವಿಮಾನ ಯಾವಾಗ ಎಂಬುದೇ ನಿಜವಾಗಿ ಕೇಳಬೇಕಾದ ಪ್ರಶ್ನೆ. ಆ ಮಾರ್ಗದಲ್ಲಿ ದಿನಕ್ಕೆ ನಾಲ್ಕು ವಿಮಾನಗಳಿದ್ದರೆ ಕೆಲವು ಗಂಟೆ ಕಳೆದುಕೊಳ್ಳುತ್ತೀರಿ, ಧೈರ್ಯವಾಗಿ 70 ನಿಮಿಷದ್ದನ್ನು ಕೊಳ್ಳಿ. ದಿನಕ್ಕೊಂದೇ ಆಗಿದ್ದು ನೀವು ಹತ್ತಬೇಕಾದದ್ದೂ ಅದೇ ಆಗಿದ್ದರೆ, ಹೆಚ್ಚು ಹಣ ತೆತ್ತು ಕಡೆಗೆ ಇಡೀ ದಿನ ಕಾಯುವ ಸಂಭವವನ್ನೂ ಕೊಂಡಂತಾಯಿತು.

ಹಾಗೆಂದು 19 ಗಂಟೆಯದು ಅಗ್ಗವೆಂದು ನಂಬಬೇಡಿ. ರಾತ್ರಿಯ ಕೋಣೆ, ಎರಡು ಮೂರು ಹೊತ್ತಿನ ಊಟ, ಹೊರಹೋಗುವುದಾದರೆ ವೀಸಾ, ಇವೆಲ್ಲ ಸೇರಿದಾಗ ಆ ಐದನೇ ಒಂದು ಭಾಗ ಕರಗಿಹೋಗಬಹುದು. ವಿಮಾನ ನಿಲ್ದಾಣದೊಳಗೇ ಇದ್ದರೆ ವೀಸಾ ಬೇಡವೆಂಬುದೂ ಎಲ್ಲೆಡೆ ಸಲ್ಲದ ಮಾತು: ಅಮೆರಿಕದಲ್ಲಿ ವಿಮಾನ ಬದಲಿಸುವವರೂ ವಲಸೆ ತಪಾಸಣೆ ದಾಟಲೇಬೇಕು, ಕೆಲವು ದೇಶಗಳ ಪ್ರಜೆಗಳಿಗೆ ಷೆಂಗೆನ್ ದೇಶಗಳ ನಿಲ್ದಾಣದೊಳಗೆ ಕೂರಲೂ ಟ್ರಾನ್ಸಿಟ್ ವೀಸಾ ಬೇಕು. ಲಗೇಜಿನ ಚೀಟಿಯಲ್ಲಿ ಕೊನೆಯ ಊರಿನ ಮೂರಕ್ಷರದ ಸಂಕೇತವಿದೆಯೇ ಎಂದು ಮೊದಲ ಕೌಂಟರಿನಲ್ಲೇ ನೋಡಿಕೊಳ್ಳಿ, ಏಕೆಂದರೆ ರಾತ್ರಿ ಕಳೆಯುವ ಪ್ರಯಾಣದಲ್ಲಿ ಕೆಲವು ಸಂಸ್ಥೆಗಳು ಅದನ್ನು ನಡುವೆಯೇ ಇಳಿಸಿ ಕೊಡುತ್ತವೆ.

ನಾನಾದರೆ ಅದೇ ಮಾರ್ಗದಲ್ಲಿ ಎರಡೂವರೆಯಿಂದ ನಾಲ್ಕು ಗಂಟೆಯ ಬಿಡುವಿನ ಟಿಕೆಟನ್ನು ಹುಡುಕುತ್ತೇನೆ. ಪುಕ್ಕಲು ಎನ್ನುವವರು ಎನ್ನಲಿ.

ಪ್ರಶ್ನೆ: ಸಂಸ್ಥೆಯೇ ಮಾರಿದ ಮೇಲೆ 70 ನಿಮಿಷ ಸಾಕೆಂದೇ ಅರ್ಥವಲ್ಲವೇ?

ಉತ್ತರ: ಆ ನಿಲ್ದಾಣಕ್ಕೆ ನಿಗದಿಯಾದ ಕನಿಷ್ಠ ಸಮಯಕ್ಕಿಂತ ಅದು ಕಡಿಮೆಯಿಲ್ಲ ಎಂದಷ್ಟೇ ಅರ್ಥ.

ಪ್ರಶ್ನೆ: ನಡುವಿನ ಊರಲ್ಲೇ ಇಳಿದು ಮುಂದಿನ ವಿಮಾನ ಬಿಟ್ಟುಬಿಟ್ಟರೆ?

ಉತ್ತರ: ಆ ಉಪಾಯ ಹೇಳಿಕೊಟ್ಟವರು ಹಿಂದಿರುಗುವ ಟಿಕೆಟ್ ಸಾಮಾನ್ಯವಾಗಿ ರದ್ದಾಗುತ್ತದೆಂಬುದನ್ನೂ ಲಗೇಜು ಮುಂದಕ್ಕೆ ಹೋಗುತ್ತದೆಂಬುದನ್ನೂ ಹೇಳಿರಲಾರರು.