kf ಮತ್ತು kb: ಕಳೆಯಬೇಡಿ, ಕೂಡಿ

“ಸರ್, ‘ಸಮತೋಲನದ ಕಡೆಗೆ’ ಲೇಖನ ಕಳಿಸಿದ್ದೇನೆ. A ಮತ್ತು B ಒಂದಕ್ಕೊಂದು ಬದಲಾಗುವ ಕ್ರಿಯೆಯಲ್ಲಿ ಮುಂದಿನ ಓಟವನ್ನು ಹಿಂದಿನ ಓಟ ತಡೆಯುತ್ತದೆ. ಆದ್ದರಿಂದ ಮುಂದಿನ ಓಟದ ವೇಗ ಸ್ಥಿರಾಂಕ kf, ಹಿಂದಿನದರದು kb ಆದರೆ ಸಮತೋಲನ ಮುಟ್ಟುವ ವೇಗ kf − kb ಎಂದು ವಿವರಿಸಿದ್ದೇನೆ. ಪ್ರಕಟಿಸಬಹುದೇ?”

ಈಗಿರುವ ರೂಪದಲ್ಲಿ ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಆದರೆ ಲೇಖನದ ಬೆನ್ನೆಲುಬಾದ ಸೂತ್ರವೇ ತಪ್ಪು. kf ಮತ್ತು kb ಸಮ ಇದ್ದರೆ ನಿಮ್ಮ ಲೆಕ್ಕದಲ್ಲಿ ವೇಗ ಸೊನ್ನೆ. ಅಂದರೆ ಅಂಥ ಕ್ರಿಯೆ ಸಮತೋಲನ ಮುಟ್ಟುವುದೇ ಇಲ್ಲ! kb ಜಾಸ್ತಿ ಇದ್ದರಂತೂ ವೇಗ ಮೈನಸ್ ಆಗುತ್ತದೆ. ಬರೆಯುವಾಗ ಇದು ಕಣ್ಣಿಗೆ ಬೀಳಬೇಕಿತ್ತು, ಅಲ್ವಾ?

ಗೊಂದಲ ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಯಾವುದೇ ಕ್ಷಣದ ನಿವ್ವಳ ವೇಗ kf[A] − kb[B]. ಇಲ್ಲಿ ಕಳೆಯುವುದು ಸರಿಯೇ. ಆದರೆ A ಕಡಿಮೆಯಾದಷ್ಟೇ B ಹೆಚ್ಚುತ್ತದೆ. ಹಾಗಾಗಿ [B] ಜಾಗದಲ್ಲಿ ‘ಒಟ್ಟು − [A]’ ಎಂದು ಹಾಕಿದರೆ ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ. [A]ಯ ಮುಂದೆ ಉಳಿಯುವುದು kf + kb.

ಓದುಗರಿಗೆ ಬೀಜಗಣಿತಕ್ಕಿಂತ ಅಂಕಿಗಳೇ ಬೇಗ ಹತ್ತುತ್ತವೆ. kf ಸೆಕೆಂಡಿಗೆ 0.03, kb 0.01 ಇರಲಿ. ಸಮತೋಲನ ಸ್ಥಿರಾಂಕ 3, ಅಂದರೆ ಕೊನೆಗೆ A ಕಾಲು ಭಾಗ, B ಮುಕ್ಕಾಲು. ಶುದ್ಧ A ಒಂದು ಮೋಲಾರ್‌ನಿಂದ ಶುರು ಮಾಡಿ. ಆರಂಭದ ವೇಗ 0.03, ಕ್ರಮಿಸಬೇಕಾದ ದೂರ 0.75. ಭಾಗಿಸಿದರೆ 0.04. ಈಗ ಶುದ್ಧ Bಯಿಂದ ಶುರು ಮಾಡಿ. ವೇಗ ಬರೀ 0.01, ಆದರೆ ದೂರವೂ 0.25 ಮಾತ್ರ. ಭಾಗಿಸಿ ನೋಡಿ: ಮತ್ತೆ 0.04! ಯಾವ ಕಡೆಯಿಂದ ಹೊರಟರೂ ಉಳಿದ ದೂರ ಒಂದೇ ಅನುಪಾತದಲ್ಲಿ ಕರಗುತ್ತದೆ. ಹಿಂದಿನ ಕ್ರಿಯೆ A ಮುಗಿಯುವುದನ್ನು ತಡೆಯುತ್ತದೆ ನಿಜ, ಆದರೆ ಗುರಿಯನ್ನೂ ಹತ್ತಿರ ತರುತ್ತದೆ. ನಿಮ್ಮ ಲೇಖನದಲ್ಲಿ ಇಲ್ಲದೇ ಹೋದದ್ದು ಈ ಮಾತು.

ರಿಲ್ಯಾಕ್ಸೇಷನ್ ಸಮಯ τ = 1/(kf + kb), ಇಲ್ಲಿ 25 ಸೆಕೆಂಡು. ಅಷ್ಟರಲ್ಲಿ ಉಳಿದ ದೂರ ಸುಮಾರು 37%ಕ್ಕೆ ಇಳಿಯುತ್ತದೆ. ಶುದ್ಧ Aಯಿಂದ ಹೊರಟಿದ್ದರೆ ಆಗ [A] ಸುಮಾರು 0.53. ‘25 ಸೆಕೆಂಡಿನಲ್ಲಿ ಕ್ರಿಯೆ ಮುಗಿಯುತ್ತದೆ’ ಎಂದು ಮಾತ್ರ ಬರೆಯಬೇಡಿ.

ಗ್ರಾಫನ್ನೂ ಬದಲಿಸಿ. ನೀವು ln[A]ಯನ್ನು ಸಮಯದ ಎದುರು ಹಾಕಿ, ಬಾಗಿದ ಗೆರೆಗೆ ‘ಪ್ರಯೋಗದ ದೋಷ’ ಎಂದು ನೆಪ ಹೇಳಿದ್ದೀರಿ. ಅದು ಬಾಗಲೇಬೇಕು, ಏಕೆಂದರೆ [A] ಸೊನ್ನೆಗೆ ಇಳಿಯುವುದಿಲ್ಲ. ಮೊದಲು ಸಮತೋಲನದ ಬೆಲೆ ಕಳೆದು, ಆಮೇಲೆ ಲಾಗ್ ತೆಗೆಯಿರಿ. ಗೆರೆ ನೆಟ್ಟಗಾಗುತ್ತದೆ, ಇಳಿಜಾರು −0.04. ಆ ಕೊನೆಯ ಬೆಲೆಯನ್ನು ಅವಸರದಲ್ಲಿ ಅಳೆದರೆ ಗೆರೆಯ ಬಾಲ ಕೆಡುತ್ತದೆ. ಹಲವು τ ಕಾದು ಅಳೆಯಬೇಕು.

ಇಳಿಜಾರು ಕೊಡುವುದು ಮೊತ್ತವನ್ನಷ್ಟೇ. ಅದರ ಜೊತೆ ಸಮತೋಲನ ಸ್ಥಿರಾಂಕ 3 ಇಟ್ಟುಕೊಂಡರೆ ಮಾತ್ರ 0.03 ಮತ್ತು 0.01 ಬೇರೆ ಬೇರೆಯಾಗಿ ಸಿಗುತ್ತವೆ.

ಉದಾಹರಣೆಗೆ ಗ್ಲುಕೋಸನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ಅದರ ಆಲ್ಫಾ ಮತ್ತು ಬೀಟಾ ರೂಪಗಳು ಒಂದಕ್ಕೊಂದು ಬದಲಾಗುತ್ತವೆ. ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂಬ ಅಳತೆಯಾದ ನಿರ್ದಿಷ್ಟ ಭ್ರಮಣ, ಆಲ್ಫಾದಿಂದ ಹೊರಟರೆ +112 ಡಿಗ್ರಿಯಿಂದ ಇಳಿದು, ಬೀಟಾದಿಂದ ಹೊರಟರೆ +19ರಿಂದ ಏರಿ, ಸುಮಾರು +52.7ಕ್ಕೆ ಬಂದು ನಿಲ್ಲುತ್ತದೆ. ಉಷ್ಣತೆ ಮತ್ತು ಪಿಎಚ್ ಒಂದೇ ಇದ್ದರೆ ಎರಡಕ್ಕೂ τ ಒಂದೇ. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ, ತಿದ್ದಿ ಕಳಿಸಿ.